“ಖಾಯಂಗೊಳಿಸಲಾಗುವುದು” ಎಂದರೆ ಮಾತು ಕೊಟ್ಟಂತೆಯೇ?

ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಮ್ಮ ಸಂಸ್ಥೆಯ ಆಫರ್ ಲೆಟರಿನ ಕನ್ನಡ ಪ್ರತಿಯನ್ನು ತಿದ್ದುತ್ತಿದ್ದೇನೆ. ಎರಡು ವಾಕ್ಯಗಳಲ್ಲಿ ಸಿಕ್ಕಿಬಿದ್ದಿದ್ದೇನೆ.

“ಆರು ತಿಂಗಳ ಪ್ರೊಬೇಷನ್ ಅವಧಿ ಮುಗಿದ ನಂತರ ಸೇವೆಯನ್ನು ಖಾಯಂಗೊಳಿಸಲಾಗುವುದು.”

“ಹಿಂದಿನ ಕೆಲಸದ ಬಿಡುಗಡೆ ಪತ್ರ ಹಾಗೂ ವೈದ್ಯಕೀಯ ತಪಾಸಣೆಗೆ ಒಳಪಟ್ಟು ಈ ನೇಮಕ ನೀಡಲಾಗಿದೆ.”

ಹಿಂದೊಮ್ಮೆ ಒಬ್ಬ ಹುಡುಗ ಏಳನೇ ತಿಂಗಳ ಮೊದಲ ದಿನವೇ ಬಂದು “ನಾನೀಗ ಖಾಯಂ ಅಲ್ಲವೇ?” ಎಂದು ಕೇಳಿದ. ಮ್ಯಾನೇಜರು “ಇನ್ನೂ ತೀರ್ಮಾನ ಆಗಿಲ್ಲ” ಎಂದರು. ಇಬ್ಬರೂ ಬೆರಳಿಟ್ಟು ತೋರಿಸಿದ್ದು ಆ ಮೊದಲ ವಾಕ್ಯವನ್ನೇ. “-ಲಾಗುವುದು” ಎಂಬುದನ್ನು ನೀವು ಹೇಗೆ ಓದುತ್ತೀರಿ?

ನಿವೃತ್ತ ಮೇಷ್ಟ್ರೊಬ್ಬರು:

“ಖಾಯಂ” ತಪ್ಪು, “ಕಾಯಂ” ಸರಿ. ಅರಬ್ಬಿ ಮೂಲದ ಪದ, ಅಲ್ಲಿ ಮಹಾಪ್ರಾಣವಿಲ್ಲ. ಮೊದಲು ಅದನ್ನು ತಿದ್ದಿ.

ಪ್ರಶ್ನೆ ಕೇಳಿದವರು:

ತಿದ್ದುತ್ತೇನೆ ಸರ್. ಆದರೆ ನನ್ನನ್ನು ಕಾಡುತ್ತಿರುವುದು ಅದರ ಮುಂದಿನ ಕ್ರಿಯಾಪದ.

ಸರ್ಕಾರಿ ಕಚೇರಿಯಲ್ಲಿದ್ದವರೊಬ್ಬರು:

“ಕಾಯಂಗೊಳಿಸತಕ್ಕದ್ದು” ಎಂದು ಬರೆಯಿರಿ. “ತಕ್ಕದ್ದು” ಬಂದರೆ ಅದು ಕಡ್ಡಾಯ. ಸಂಶಯವೇ ಉಳಿಯುವುದಿಲ್ಲ.

ಕಾನೂನು ಪತ್ರಗಳ ಅನುವಾದಕಿ:

ಕಡ್ಡಾಯ ಎಂಬುದು ನಿಜ. ಆದರೆ ಯಾರಿಗೆ ಕಡ್ಡಾಯ, ಯಾವಾಗ ಎಂಬುದು ಇನ್ನೂ ಬಾಕಿ. ಕೆಲಸ ಸರಿಹೋಗದಿದ್ದರೂ ಸಂಸ್ಥೆ ಕಾಯಂ ಮಾಡಲೇಬೇಕೆಂಬ ಅರ್ಥವೂ ಬಂದುಬಿಡುತ್ತದೆ. ಸಂಸ್ಥೆ ಹೇಳಹೊರಟದ್ದು ಅದಲ್ಲವಲ್ಲ.

ನನ್ನ ಓದಿನಲ್ಲಿ “-ಲಾಗುವುದು” ಎರಡು ವಿಷಯ ಮುಚ್ಚಿಡುತ್ತದೆ. ಮಾಡುವವರು ಯಾರು ಎಂಬುದು ಕಾಣುವುದಿಲ್ಲ. ತಾನಾಗಿ ಆಗುತ್ತದೋ, ಯಾರಾದರೂ ತೀರ್ಮಾನಿಸಿದ ಮೇಲೆ ಆಗುತ್ತದೋ ತಿಳಿಯುವುದಿಲ್ಲ. “ನಂತರ” ಎಂಬುದೂ ಸಡಿಲ: ಮರುದಿನವೂ ನಂತರವೇ, ಮರುವರ್ಷವೂ ನಂತರವೇ. ನಿಮ್ಮ ಹುಡುಗನೂ ಮ್ಯಾನೇಜರೂ ಇಬ್ಬರೂ ಸರಿಯಾಗಿಯೇ ಓದಿದ್ದಾರೆ. ನಾನಾದರೆ ಹೀಗೆ ಬರೆಯುತ್ತೇನೆ:

“ಕೆಲಸಕ್ಕೆ ಸೇರಿದ ದಿನದಿಂದ ಆರು ತಿಂಗಳು ಪ್ರೊಬೇಷನ್. ಆ ಆರು ತಿಂಗಳು ತುಂಬುವ ಮೊದಲು ಸಂಸ್ಥೆಯು ನಿಮ್ಮನ್ನು ಕಾಯಂ ಮಾಡಿದ ಪತ್ರವನ್ನಾಗಲಿ, ಪ್ರೊಬೇಷನ್ ಅನ್ನು ಒಂದು ಸಲ ಮಾತ್ರ, ಮೂರು ತಿಂಗಳಿಗೆ ಮೀರದಂತೆ ವಿಸ್ತರಿಸಿದ ಪತ್ರವನ್ನಾಗಲಿ, ಕೆಲಸದಿಂದ ಬಿಡುಗಡೆ ಮಾಡಿದ ಪತ್ರವನ್ನಾಗಲಿ ಕೊಡುತ್ತದೆ.”

ಇನ್ನೊಂದು ವಾಕ್ಯ ಬೇಕೇ ಬೇಕು: ಯಾವ ಪತ್ರವೂ ಬಾರದಿದ್ದರೆ ಏನು? ಅದನ್ನು ನಿಮ್ಮ ಸಂಸ್ಥೆಯೇ ತೀರ್ಮಾನಿಸಬೇಕು, ವ್ಯಾಕರಣ ತೀರ್ಮಾನಿಸಲಾರದು.

ಎರಡನೆಯ ವಾಕ್ಯದ “ಒಳಪಟ್ಟು” ಇನ್ನೂ ಅಪಾಯಕಾರಿ. “ಪತ್ರ ಸಲ್ಲಿಸಿದ ಮೇಲೆ ಈ ನೇಮಕ ಜಾರಿಗೆ ಬರುತ್ತದೆ” ಎಂದರೆ ಅಲ್ಲಿಯವರೆಗೆ ನೇಮಕವೇ ಇಲ್ಲ. “ಸೇರಿ 30 ದಿನಗಳಲ್ಲಿ ಸಲ್ಲಿಸದಿದ್ದರೆ ನೇಮಕ ರದ್ದಾಗುತ್ತದೆ” ಎಂದರೆ ನೇಮಕ ಈಗಲೇ ಇದೆ, ಮುಂದೆ ತಪ್ಪಿಹೋಗಬಹುದು. ಬಿಡುಗಡೆ ಪತ್ರ ಸಿಗಬೇಕಾದರೆ ಹಳೆಯ ಕೆಲಸಕ್ಕೆ ಮೊದಲೇ ರಾಜೀನಾಮೆ ಕೊಡಬೇಕು. ಹಾಗೆ ಕೊಟ್ಟವರು ವೈದ್ಯಕೀಯ ತಪಾಸಣೆಯಲ್ಲಿ ಹಿಂದೆ ಬಿದ್ದರೆ ಎರಡೂ ಕೆಲಸ ಕಳೆದುಕೊಳ್ಳುತ್ತಾರೆ. ಆದ್ದರಿಂದ ತಪಾಸಣೆ ಮೊದಲು, ರಾಜೀನಾಮೆ ಆಮೇಲೆ, ಬಿಡುಗಡೆ ಪತ್ರ ಹೊಸ ಕೆಲಸಕ್ಕೆ ಸೇರಿದ ಮೇಲೆ ಎಂಬ ಕ್ರಮವನ್ನು ಪತ್ರದಲ್ಲೇ ಹೇಳಿ. ಎರಡು ಷರತ್ತುಗಳನ್ನು ಒಂದೇ “ಒಳಪಟ್ಟು”ವಿಗೆ ಕಟ್ಟಬೇಡಿ.

ಲೆಕ್ಕಪತ್ರ ನೋಡುವವರೊಬ್ಬರು:

ನನಗೆ ಪೆಟ್ಟು ಬಿದ್ದದ್ದು “ಸೇರಿ” ಎಂಬ ಪದದಿಂದ. ಹಿಂದೆ ನನಗೆ ಬಂದ ಪತ್ರದಲ್ಲಿ “ಎಲ್ಲ ಸೇರಿ ಮಾಸಿಕ ವೇತನ 40,000” ಎಂದಿತ್ತು. ಆ ಲೆಕ್ಕದ ಮೇಲೆ ಮನೆ ಹಿಡಿದೆ. ಕೈಗೆ ಬಂದದ್ದು 32,600. ಮೂಲವೇತನ 20,000, ಮನೆ ಬಾಡಿಗೆ ಭತ್ಯೆ 8,000, ಇತರ ಭತ್ಯೆ 7,000, ಅಲ್ಲಿಗೆ 35,000. ಉಳಿದ 5,000ದಲ್ಲಿ 2,400 ಸಂಸ್ಥೆ ನನ್ನ ಭವಿಷ್ಯ ನಿಧಿಗೆ ಕಟ್ಟುವ ಪಾಲು, 2,600 ವರ್ಷಕ್ಕೊಮ್ಮೆ ಕೊಡುವ ಬೋನಸ್ಸಿನ ಹನ್ನೆರಡನೇ ಒಂದು ಭಾಗ. ಮೇಲಾಗಿ 35,000ದಲ್ಲಿ ನನ್ನ ಪಾಲಿನ 2,400 ಕಡಿತ. ಒಂದು ಅಂಕಿಯೂ ಸುಳ್ಳಲ್ಲ, ಆದರೂ ನಾನು ಮೋಸಹೋದೆ. ನನಗೆ ಬೇಕಿದ್ದದ್ದು ಮೂರು ಬೇರೆ ಬೇರೆ ಹೆಸರುಗಳು: “ಸಂಸ್ಥೆಗೆ ತಗಲುವ ಒಟ್ಟು ವೆಚ್ಚ”, “ಕಡಿತಕ್ಕೆ ಮುಂಚಿನ ಸಂಬಳ”, “ಕೈಗೆ ಬರುವ ಸಂಬಳ”. “ವೇತನ” ಎಂಬ ಒಂದೇ ಪದ ಮೂರನ್ನೂ ಹೊರಬಾರದು.

ಸರ್ಕಾರಿ ಕಚೇರಿಯಲ್ಲಿದ್ದವರು:

“ತಕ್ಕದ್ದು” ವಿಚಾರದಲ್ಲಿ ಮೇಡಂ ಹೇಳಿದ್ದು ಒಪ್ಪಿದೆ. ಆದರೆ “ಕೈಗೆ ಬರುವ” ಎಂಬುದು ಆಡುಮಾತು, “ನಿವ್ವಳ ವೇತನ” ಎಂದರೆ ಸಾಲದೇ?

ಲೆಕ್ಕಪತ್ರ ನೋಡುವವರು:

ಸಾಲದು ಸರ್. “ನಿವ್ವಳ” ನನಗೆ ಗೊತ್ತು, ಮೊದಲ ಕೆಲಸಕ್ಕೆ ಸೇರುವ ಹುಡುಗಿಗೆ ಗೊತ್ತಿರುತ್ತದೆಂಬ ಭರವಸೆ ನನಗಿಲ್ಲ.

ಪ್ರಶ್ನೆ ಕೇಳಿದವರು:

ಸಂಬಳದ ಮೂರು ಹೆಸರುಗಳನ್ನೂ ಷರತ್ತುಗಳ ಕ್ರಮವನ್ನೂ ಹಾಗೇ ತೆಗೆದುಕೊಂಡಿದ್ದೇನೆ. ಪತ್ರ ಬಾರದಿದ್ದರೆ ಏನು ಎಂಬುದಕ್ಕೆ ನಾನು “ಕಾಯಂ ಆದಂತೆಯೇ” ಎಂದು ಬರೆದೆ. ಮ್ಯಾನೇಜರು ಅದನ್ನು ಹೊಡೆದುಹಾಕಿ “ಪ್ರೊಬೇಷನ್ ಮುಂದುವರಿಯುತ್ತದೆ” ಎಂದು ಬರೆದಿದ್ದಾರೆ. ಎಲ್ಲಿಯವರೆಗೆ ಎಂದು ಅಂಚಿನಲ್ಲಿ ಕೇಳಿ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.