ಸಹಾಯ ಬೇಕು: ಜಂಟಿ ಕಾಮಗಾರಿಯ ಸಭಾ ನಡಾವಳಿಯನ್ನು ಸರಿಪಡಿಸುವುದು ಹೇಗೆ?

ನಮಸ್ಕಾರ. ಒಂದು ಸೇತುವೆ ಕಾಮಗಾರಿಯನ್ನು ಎರಡು ಕಂಪನಿಗಳು ಜಂಟಿಯಾಗಿ ಮಾಡುತ್ತಿವೆ. ಅಡಿಪಾಯ ಮತ್ತು ಕಂಬಗಳು ನಮ್ಮ ಪಾಲು, ಗರ್ಡರುಗಳು ಪಾಲುದಾರರದು. ಹದಿನೈದು ದಿನಕ್ಕೊಮ್ಮೆ ನಡೆಯುವ ಸಮನ್ವಯ ಸಭೆಯ ನಡಾವಳಿ ಬರೆಯುವವನು ನಾನು.

ಕಳೆದ ತಿಂಗಳು "ಎರಡನೇ ಕಂಬವನ್ನು 20ರೊಳಗೆ ಮುಗಿಸಲು ಒಪ್ಪಲಾಯಿತು" ಎಂದಷ್ಟೇ ಬರೆದೆ. ಆದರೆ ಕಂಬದ ತಲೆಗೆ ಕಾಂಕ್ರೀಟ್ ಹಾಕುವ ಮೊದಲು ಬೇರಿಂಗ್ ಕೂರುವ ಜಾಗದ ನಕ್ಷೆಯನ್ನು ಪಾಲುದಾರರು ಕೊಡಬೇಕಿತ್ತು. ಅದು 12 ದಿನ ತಡವಾಗಿ ಬಂತು. ನಡಾವಳಿಯಲ್ಲಿ ನಕ್ಷೆಯ ಪ್ರಸ್ತಾಪವೇ ಇಲ್ಲದ್ದರಿಂದ ವಿಳಂಬ ನಮ್ಮದೇ ಎನ್ನುತ್ತಿದ್ದಾರೆ. ಜಂಟಿ ಖಾತೆಗೆ ಬಂದ ಬಿಲ್ಲಿನ ಹಣದಲ್ಲಿ ನಮ್ಮ ಪಾಲಿನ ಬಿಡುಗಡೆಗೆ ಸಹಿ ಹಾಕುತ್ತಿಲ್ಲ. ಕೂಲಿ ಬಟವಾಡೆ ನಿಂತಿದೆ, ಅದೇ ನನಗೆ ದೊಡ್ಡ ಸಂಕಟ.

ಇನ್ನು ಮುಂದೆ "ನಕ್ಷೆ ಕೈಸೇರಿದ 8 ದಿನಗಳಲ್ಲಿ ಕಂಬದ ತಲೆ ಪೂರ್ಣ, ನಕ್ಷೆ ತಡವಾದಷ್ಟು ದಿನ ಗಡುವು ಮುಂದಕ್ಕೆ" ಎಂದು ಬರೆಯುತ್ತೇನೆ. ಹಣದ ಬಿಡುಗಡೆಗೆ ಬಿಲ್ಲಿನ ಸಂಖ್ಯೆ ಸಹಿತ ಪ್ರತ್ಯೇಕ ಸಾಲು ಇಡುತ್ತೇನೆ.

ಹಳೆಯ ನಡಾವಳಿಗೆ ಇಬ್ಬರ ಸಹಿಯೂ ಆಗಿದೆ. ಅದನ್ನು ತಿದ್ದದೆ, ಮುಂದಿನ ಸಭೆಯಲ್ಲಿ "ಹಿಂದಿನ ನಡಾವಳಿಗೆ ಸೇರ್ಪಡೆ" ಎಂದು ನಕ್ಷೆ ಬಂದ ದಿನಾಂಕವನ್ನು ಇಮೇಲ್ ಪ್ರತಿಯೊಂದಿಗೆ ದಾಖಲಿಸಬಹುದೇ? ಅವರು ಅದಕ್ಕೆ ಸಹಿ ಹಾಕದಿದ್ದರೆ ಏನು ಮಾಡಬೇಕು? ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ, ಸಭೆ ಸೋಮವಾರವಿದೆ.