ಸಹಾಯ ಬೇಕು: ಐದು 'ಯಾಕೆ' ಕೇಳಿದರೆ ಎರಡು ಬೇರೆ ಉತ್ತರ ಬರುತ್ತಿದೆ

ನಮಸ್ಕಾರ. ಗಾರ್ಮೆಂಟ್ಸ್ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನಮ್ಮ ಟೀ-ಶರ್ಟ್ ಲೈನಿನಲ್ಲಿ ಮೂರು ವಾರದಲ್ಲಿ ಡಿಫೆಕ್ಟ್ ನೂರು ಪೀಸಿಗೆ 4ರಿಂದ 9ಕ್ಕೆ ಏರಿದೆ. ಹೆಚ್ಚಿನವು ಸೈಡ್ ಸೀಮಿನ ಓವರ್‌ಲಾಕಿನಲ್ಲಿ ಸ್ಟಿಚ್ ಸ್ಕಿಪ್ ಆಗಿರುವುದು.

ಕಾರಣ ಹುಡುಕಲು ಮೀನಿನ ಮೂಳೆ ಚಿತ್ರ ಬರೆದಾಗ ಎಲ್ಲರೂ 'ಆಪರೇಟರ್ ಅಜಾಗರೂಕತೆ' ಎಂದೇ ತುಂಬಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಮೆಷಿನ್‌ವಾರು ಎಣಿಸಿದೆ: ದೋಷ ಬಹುಪಾಲು ಎರಡೇ ಮೆಷಿನಿನದು, ಅದೂ ಆಪರೇಟರ್ ಬದಲಾದರೂ ಹಾಗೇ ಇದೆ.

ಆಮೇಲೆ ಯಾಕೆ ಕೇಳುತ್ತಾ ಹೋದೆ. ಸ್ಟಿಚ್ ಯಾಕೆ ಸ್ಕಿಪ್? ಲೂಪರ್‌ಗೆ ದಾರದ ಕುಣಿಕೆ ಸಿಗುತ್ತಿಲ್ಲ. ಯಾಕೆ? ಸೂಜಿಯ ಮೊನೆ ಸವೆದಿದೆ. ಯಾಕೆ ಬದಲಿಸಿಲ್ಲ? ಮುರಿದರಷ್ಟೇ ಬದಲಿಸುವುದು ರೂಢಿ. ಯಾಕೆ? ಮುರಿದ ಸೂಜಿಯ ತುಂಡುಗಳನ್ನೆಲ್ಲ ಒಪ್ಪಿಸಿದರೆ ಮಾತ್ರ ಸ್ಟೋರ್ ಹೊಸದು ಕೊಡುತ್ತದೆ. ಯಾಕೆ? ಬಟ್ಟೆಯಲ್ಲಿ ಲೋಹದ ಚೂರು ಉಳಿಯಬಾರದೆಂದು ಮಾಡಿದ ಆ ನಿಯಮದಲ್ಲಿ ಸವೆದ ಸೂಜಿಗೆ ಜಾಗವೇ ಇಲ್ಲ. ಪಾಪ, ಆಪರೇಟರ್ ಏನು ಮಾಡಬೇಕು?

ಆದರೆ ಡಿಫೆಕ್ಟ್ ಏರತೊಡಗಿದ ವಾರವೇ ಲೈಕ್ರಾ ಬಟ್ಟೆಯೂ ಬಂತು. ಲೈಕ್ರಾ ಹಿಗ್ಗಿ ಕುಗ್ಗುವುದರಿಂದಲೂ ಕುಣಿಕೆ ಸರಿಯಾಗಿ ನಿಲ್ಲದಿರಬಹುದು. ಆಗ ಎರಡನೇ ಯಾಕೆಯಲ್ಲೇ ದಾರಿ ಕವಲೊಡೆಯುತ್ತದೆ.

ನನ್ನ ಯೋಚನೆ: ಎರಡರಲ್ಲಿ ಒಂದು ಮೆಷಿನಿಗೆ ಹೊಸ ಬಾಲ್‌ಪಾಯಿಂಟ್ ಸೂಜಿ, ಇನ್ನೊಂದಕ್ಕೆ ಹಳೆಯದೇ, ಎರಡರಲ್ಲೂ ಹಳೆ ಬಟ್ಟೆ, ಲೈಕ್ರಾ ಎರಡನ್ನೂ ಹೊಲಿಸಿ, ಒಬ್ಬರೇ ಚೆಕರ್ ಎಣಿಸುವುದು. ಮಧ್ಯೆ ಸೂಜಿ ಅದಲುಬದಲು ಮಾಡದಿದ್ದರೆ ಲೂಪರ್ ಸೆಟ್ಟಿಂಗಿನ ದೋಷ ಇದರಲ್ಲಿ ಮರೆಯಾಗುತ್ತದೆಯೇ? ಎಷ್ಟು ಪೀಸ್ ಸಾಕು? ಸವೆದ ಸೂಜಿ ಬದಲಿಸಲು ಎಷ್ಟು ಗಂಟೆಯ ಮಿತಿ ಇಟ್ಟಿದ್ದೀರಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.