ಅಪ್‌ಡೇಟ್: 75% ತೋರಿಸಿಯೂ ‘ಕೊರತೆ’ ಎನ್ನುತ್ತಿದ್ದ ಹಾಜರಾತಿ ಹಾಳೆ

ನನ್ನ ಪ್ರಶ್ನೆ: ಹಾಳೆಯಲ್ಲಿ ಒಬ್ಬ ವಿದ್ಯಾರ್ಥಿನಿಯ ಹಾಜರಾತಿ 75% ಎಂದಿದೆ, ಪಕ್ಕದಲ್ಲೇ ‘ಕೊರತೆ’ ಎಂದೂ ಬರುತ್ತಿದೆ. ಯಾವುದನ್ನು ನಂಬಬೇಕು? ಇನ್ನೆಷ್ಟು ತರಗತಿ ಬೇಕೆಂದು ತಿಳಿಯುವುದು ಹೇಗೆ?

ನಂಬಬೇಕಾದದ್ದು ‘ಕೊರತೆ’ಯನ್ನೇ. ನಡೆದ 59 ತರಗತಿಗಳಲ್ಲಿ ಆಕೆ ಬಂದದ್ದು 44ಕ್ಕೆ, ಅಂದರೆ 74.58%. ದಶಮಾಂಶ ಮರೆಮಾಡಿದ್ದ ಕೋಶ ಅದನ್ನು 75 ಎಂದು ತೋರಿಸುತ್ತಿತ್ತು. 75%ಕ್ಕಿಂತ ಕಡಿಮೆಯಿದ್ದರೆ ‘ಕೊರತೆ’ ಎನ್ನುವ ಷರತ್ತು ಮಾತ್ರ ಒಳಗಿನ ನಿಜವಾದ ಸಂಖ್ಯೆಯನ್ನೇ ನೋಡುತ್ತಿತ್ತು. ಈಗ ಎರಡು ದಶಮಾಂಶ ಕಾಣುವಂತೆ ಮಾಡಿದ್ದೇನೆ, ಜಗಳ ಮುಗಿಯಿತು.

ಎರಡನೆಯ ಭಾಗವೇ ಹೆಚ್ಚು ಸ್ವಾರಸ್ಯದ್ದು. 40ರಲ್ಲಿ 26 ತರಗತಿಗೆ ಬಂದವನಿಗೆ ನಾಲ್ಕು ಕಡಿಮೆ ಎಂದು ಕಾಣುತ್ತದೆ. ಆದರೆ ಅವನು ಹಾಜರಾದ ಪ್ರತಿ ತರಗತಿಯೂ ‘ನಡೆದ ತರಗತಿ’ಗಳ ಸಂಖ್ಯೆಯನ್ನೂ ಏರಿಸುತ್ತದೆ. ಹಾಗಾಗಿ ಒಂದೊಂದು ಹಾಜರಿಗೂ ಕೊರತೆ ಕಾಲು ತರಗತಿಯಷ್ಟೇ ತಗ್ಗುತ್ತದೆ. ನಾಲ್ಕನ್ನು ತುಂಬಲು ಒಂದೂ ತಪ್ಪಿಸದೆ 16 ತರಗತಿ ಬೇಕು. ತಾಳೆ ನೋಡಿದರೆ 56ಕ್ಕೆ 42, ಸರಿಯಾಗಿ 75%. B ಕಂಬದಲ್ಲಿ ನಡೆದವು, Cಯಲ್ಲಿ ಹಾಜರಾದವು ಇದ್ದರೆ ಸೂತ್ರ ಹೀಗೆ:

```
=MAX(0, ROUNDUP((75*B2-100*C2)/25, 0))
```

25 ಎಂಬುದು 100ರಲ್ಲಿ 75 ಕಳೆದು ಬಂದದ್ದು. ನಿಯಮ 80% ಆದರೆ 75ರ ಜಾಗಕ್ಕೆ 80, 25ರ ಜಾಗಕ್ಕೆ 20 ಬರಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಹಾಳೆ ದೋಷ ತೋರಿಸದೆಯೇ ತಪ್ಪು ಹೇಳುತ್ತದೆ.

ಉಳಿದ ತರಗತಿಗಳಿಗೆ D ಕಂಬ ಸೇರಿಸಿದ್ದೇನೆ. ಮೇಲಿನ ಹುಡುಗನಿಗೆ ಉಳಿದಿರುವುದು 12 ಮಾತ್ರ. ಎಲ್ಲಕ್ಕೂ ಬಂದರೂ 52ಕ್ಕೆ 38, ಅಂದರೆ 73.08%. ಅಂಥವರಿಗೆ ‘ಕೊರತೆ’ಯ ಬದಲು ‘ತಲುಪಲಾಗದು’ ಎಂಬ ಬೇರೆ ಗುರುತು ಇಟ್ಟಿದ್ದೇನೆ.